ಹಿಗ್ಗಿದ ಕಿವಿಹಾಲೆ ಮತ್ತೆ ಮೊದಲಿನಂತಾಗುವುದೇ?

ಕಿವಿ ಚುಚ್ಚಿಸುವುದು ನಮ್ಮಲ್ಲಿ ಹೊಸದಲ್ಲ. ಭಾರವಾದ ಓಲೆಗಳಿಂದ ಅಜ್ಜಿಯಂದಿರ ಕಿವಿಹಾಲೆ ಜೋತು ಬಿದ್ದುದನ್ನು ಅನೇಕರು ಕಂಡಿದ್ದೇವೆ. ಈಗ ಕೆಲವು ತರುಣರು ‘ಗೇಜ್’ ಎಂಬ ಬಿಲ್ಲೆ ಅಥವಾ ಕೊಳವೆಗಳನ್ನು ತೊಟ್ಟು ಆ ರಂಧ್ರವನ್ನು ಉದ್ದೇಶಪೂರ್ವಕವಾಗಿ ಹಿಗ್ಗಿಸುತ್ತಾರೆ.

ಕಿವಿಹಾಲೆಯಲ್ಲಿ ಮೃದ್ವಸ್ಥಿ ಇಲ್ಲ. ಅದು ಚರ್ಮ, ಕೊಬ್ಬು ಹಾಗೂ ನಾರಿನಂತಹ ಅಂಗಾಂಶಗಳಿಂದಾದುದು. ಆದುದರಿಂದ ನಿಧಾನವಾಗಿ ಎಳೆದರೆ ಹಿಗ್ಗುತ್ತದೆ, ಅವಸರಿಸಿದರೆ ಹರಿಯುತ್ತದೆ. ಒಬ್ಬ ತರುಣನು 4 ಮಿಲಿಮೀಟರ್ ಬಿಲ್ಲೆಯಿಂದ ಕೆಲವೇ ದಿನಗಳಲ್ಲಿ 8ಕ್ಕೆ ಏರಿದನೆಂದು ಭಾವಿಸೋಣ. ಒಳಗಿನ ಚರ್ಮವು ಸೂಕ್ಷ್ಮವಾಗಿ ಸೀಳಿ ರಕ್ತ ಜಿನುಗುತ್ತದೆ. ಕೆಲವೊಮ್ಮೆ ಒಳಪದರವು ಹಾಲೆಯ ಹಿಂಬದಿಗೆ ಉಂಗುರದಂತೆ ಹೊರಚಾಚುತ್ತದೆ. ರಂಧ್ರದ ಕೆಳಗಿನ ಅಂಚು ದಾರದಂತೆ ತೆಳುವಾಗತೊಡಗಿದರೆ ಅದು ಹರಿಯುವ ಮುನ್ಸೂಚನೆ. ಆಗ ಆಭರಣವನ್ನು ತೆಗೆದು, ಮತ್ತೆ ಹಿಗ್ಗಿಸುವುದನ್ನು ಕೈಬಿಡಬೇಕು.

ಸೀಳಿದ ಚರ್ಮವೇ ಸೋಂಕಿಗೆ ದ್ವಾರ. ಸ್ವಲ್ಪ ತಿಳಿದ್ರವ ಒಸರಿ ಹೊಪ್ಪಳೆಗಟ್ಟುವುದು ಗಾಯ ಮಾಯುವಾಗ ಸಹಜ. ಆದರೆ ಕೆಂಪು, ಬಿಸಿ, ಮಿಡಿಯುವ ನೋವು ಹೆಚ್ಚುತ್ತಾ ಹಳದಿ ಅಥವಾ ಹಸಿರು ಕೀವು ಬಂದರೆ ಅದು ಸೋಂಕು. ಕೆಂಪು ಮೇಲಕ್ಕೇರಿ ಕಿವಿಯ ಗಟ್ಟಿ ಭಾಗವನ್ನು ಮುಟ್ಟಿದರೆ, ಅಥವಾ ಜ್ವರ ಬಂದರೆ, ಅದೇ ದಿನ ವೈದ್ಯರನ್ನು ಕಾಣಬೇಕು. ಅಲ್ಲಿನ ಮೃದ್ವಸ್ಥಿಗೆ ಸೋಂಕು ತಗುಲಿದರೆ ಕಿವಿಯ ಆಕಾರವೇ ಶಾಶ್ವತವಾಗಿ ಕೆಡಬಹುದು. ಮಧುಮೇಹವುಳ್ಳವರು ಇನ್ನಷ್ಟು ಎಚ್ಚರದಿಂದಿರಬೇಕು.

ಇನ್ನು ಮರಳುವಿಕೆಯ ಮಾತು. ರಂಧ್ರವು ಚಿಕ್ಕದಿದ್ದರೆ ಬಿಲ್ಲೆ ತೆಗೆದ ಬಳಿಕ ಕೆಲವು ತಿಂಗಳುಗಳಲ್ಲಿ ಬಹುಮಟ್ಟಿಗೆ ಕುಗ್ಗುತ್ತದೆ. ಸುಮಾರು 10 ಮಿಲಿಮೀಟರ್ ದಾಟಿದರೆ ಪೂರ್ಣವಾಗಿ ಕುಗ್ಗುವ ಭರವಸೆ ಕಡಿಮೆ. ಆದರೆ ಇದು ಎಲ್ಲರಿಗೂ ಒಂದೇ ಗೆರೆಯಲ್ಲ. ಹಿಗ್ಗಿಸಿದ ವೇಗ, ಧರಿಸಿದ ಅವಧಿ ಹಾಗೂ ಚರ್ಮದ ಗುಣವನ್ನು ಅದು ಅವಲಂಬಿಸಿದೆ. ರಂಧ್ರದ ಒಳಗೋಡೆಯೂ ಚರ್ಮವೇ ಆಗಿರುವುದರಿಂದ ಅಂಚುಗಳು ತಾವಾಗಿ ಬೆಸೆಯುವುದಿಲ್ಲ. ಎಣ್ಣೆ ತಿಕ್ಕುವುದರಿಂದ ಚರ್ಮ ಮೃದುವಾಗಬಹುದು, ರಂಧ್ರ ಮುಚ್ಚದು. ಅಂಟು ಹಚ್ಚುವುದಂತೂ ಅಪಾಯ.

ಕುಗ್ಗದ ಅಥವಾ ಹರಿದ ಹಾಲೆಗೆ ಶಸ್ತ್ರಚಿಕಿತ್ಸೆಯೇ ಮಾರ್ಗ. ಪ್ಲಾಸ್ಟಿಕ್ ಶಸ್ತ್ರಚಿಕಿತ್ಸಕರು ಹಾಲೆಯನ್ನಷ್ಟೇ ಮರಗಟ್ಟಿಸಿ, ಒಳಗಿನ ಚರ್ಮವನ್ನೂ ಹೆಚ್ಚಾಗಿ ಬೆಳೆದ ಭಾಗವನ್ನೂ ಕತ್ತರಿಸಿ ತೆಗೆದು, ಹಸಿ ಅಂಚುಗಳನ್ನು ಕೂಡಿಸಿ ಹೊಲಿಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಮರಳಬಹುದು. ಹೊಲಿಗೆಗಳನ್ನು ಸುಮಾರು ಒಂದು ವಾರದಿಂದ ಹತ್ತು ದಿನಗಳಲ್ಲಿ ಬಿಚ್ಚುತ್ತಾರೆ. ಹಾಲೆಯ ಆಕಾರ ಮರಳಿದರೂ ತೆಳುವಾದ ಗೆರೆಯೊಂದು ಉಳಿಯುತ್ತದೆ. ಹಿಂದೆ ಗಾಯದ ಕಲೆ ಗಂಟಿನಂತೆ ಉಬ್ಬಿದ್ದರೆ ಅದನ್ನು ವೈದ್ಯರಿಗೆ ಮುಂಚೆಯೇ ತಿಳಿಸಬೇಕು. ಕೆಲವು ತಿಂಗಳು ಕಳೆಯುವವರೆಗೆ ಮತ್ತೆ ಕಿವಿ ಚುಚ್ಚಿಸಬಾರದು. ಚುಚ್ಚಿಸಿದರೂ ಹಳೆಯ ಗೆರೆಯ ಮೇಲೆ ಬೇಡ.

ಓಲೆಯ ಭಾರದಿಂದ ಹರಿದ ತಾಯಂದಿರ ಕಿವಿಗೂ ಇಂತಹುದೇ ಚಿಕಿತ್ಸೆ ಒದಗುತ್ತದೆ.