ಲೋಟ ವಾಲಿದರೂ ನೀರು ಮಟ್ಟ

ಪಾವಿನ ತುಂಬ ಹಾಲಿದೆ. ಪಾಯಸಕ್ಕೆ ಬೇಕಾಗಿರುವುದು ಅರ್ಧ ಪಾವು ಮಾತ್ರ. ಪಾವಿನ ಮೈಮೇಲೆ ಅಳತೆಯ ಗೆರೆಗಳಿಲ್ಲ, ಅರ್ಧ ಪಾವಿನ ಬೇರೆ ಅಳತೆಯೂ ಮನೆಯಲ್ಲಿಲ್ಲ. ಹೀಗಿದ್ದಾಗ ಪಾವನ್ನು ಪಾತ್ರೆಯ ಮೇಲೆ ನಿಧಾನವಾಗಿ ಬಗ್ಗಿಸುತ್ತ ಹೋಗಬೇಕು, ಕಣ್ಣು ಪಾವಿನ ಒಳಗಿರಬೇಕು. ಹಾಲು ಬಾಯಂಚಿನಿಂದ ಇಳಿಯುತ್ತಿರುವಾಗ ಒಂದು ಕ್ಷಣದಲ್ಲಿ ಒಳಗಡೆ, ಎದುರು ಬದಿಯಲ್ಲಿ, ತಳವೂ ಗೋಡೆಯೂ ಸೇರುವ ಮೂಲೆ ಹಾಲಿನಿಂದ ಆಗಷ್ಟೇ ತಲೆ ಎತ್ತುತ್ತದೆ. ಅಲ್ಲಿಗೆ ನಿಲ್ಲಿಸಿದರೆ ಪಾವಿನಲ್ಲಿ ಉಳಿದದ್ದು ಸರಿಯಾಗಿ ಅರ್ಧ, ಪಾತ್ರೆಗೆ ಬಿದ್ದದ್ದೂ ಅರ್ಧ.

ಇದು ಕಣ್ಣಂದಾಜಲ್ಲ, ಕರಾರುವಾಕ್ಕಾದ ಲೆಕ್ಕ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇರುವ ಯಾವ ಲೋಟಕ್ಕಾದರೂ, ಅದು ಉದ್ದವಿರಲಿ ಗಿಡ್ಡವಿರಲಿ, ಇದು ಒಪ್ಪುತ್ತದೆ.

ಕಾರಣ ತಿಳಿಯಲು ನೀರು ಬೇಡ, ಒಂದು ಮೂಲಂಗಿ ಸಾಕು. ಅದರ ನಡುಭಾಗದಿಂದ ಎರಡೂ ತುದಿ ಚಪ್ಪಟೆಯಾಗಿರುವ, ದುಂಡನೆಯ ಒಂದು ತುಂಡು ಕತ್ತರಿಸಿಕೊಳ್ಳಿ. ಈಗ ಮೇಲಿನ ತುದಿಯ ಬಲ ಅಂಚಿನಿಂದ ಕೆಳಗಿನ ತುದಿಯ ಎಡ ಅಂಚಿಗೆ ಚಾಕುವನ್ನು ಓರೆಯಾಗಿ ನೇರ ಎಳೆಯಿರಿ. ಬೇರಾದ ಎರಡು ತುಂಡುಗಳಲ್ಲಿ ಒಂದನ್ನು ತಲೆಕೆಳಗು ಮಾಡಿ ಇನ್ನೊಂದರ ಪಕ್ಕಕ್ಕಿಟ್ಟರೆ ಎರಡೂ ಒಂದೇ ಅಚ್ಚಿನವು. ಆಕಾರ ಒಂದೇ ಆದಮೇಲೆ ಗಾತ್ರವೂ ಒಂದೇ. ಬಗ್ಗಿಸಿದ ಲೋಟದಲ್ಲಿ ಚಾಕುವಿನ ಕೆಲಸವನ್ನು ನೀರಿನ ಮೇಲ್ಮೈ ಮಾಡುತ್ತದೆ. ಒಂದು ತುಂಡು ನೀರು, ಇನ್ನೊಂದು ತುಂಡು ಗಾಳಿ.

ಮೂಲಂಗಿಯ ಕೊಯ್ದ ಮುಖವನ್ನು ನೋಡಿದರೆ ಅದು ವೃತ್ತವಲ್ಲ, ಉದ್ದಕ್ಕೆ ಎಳೆದ ವೃತ್ತ, ಅಂದರೆ ದೀರ್ಘವೃತ್ತ. ನೀರಿನ ಮೇಲ್ಮೈಯೂ ಹಾಗೆಯೇ. ಒಳಗಿನ ಅಗಲ 6 ಸೆಂಟಿಮೀಟರ್, ಎತ್ತರ 12 ಸೆಂಟಿಮೀಟರ್ ಇರುವ ಗಾಜಿನ ಲೋಟವೊಂದನ್ನು ತೆಗೆದುಕೊಳ್ಳೋಣ. ಅದರಲ್ಲಿ ಹಿಡಿಯುವುದು ಸುಮಾರು 339 ಮಿಲಿಲೀಟರ್, ಅರ್ಧವೆಂದರೆ 170ರ ಹತ್ತಿರ. ಲೋಟ ನೆಟ್ಟಗಿದ್ದಾಗ ಮೇಲ್ಮೈ 6 ಸೆಂಟಿಮೀಟರ್ ಅಗಲದ ವೃತ್ತ. ನೀರು ಬಾಯಂಚಿಗೆ ಬರುವಷ್ಟು ಬಗ್ಗಿಸಿದಾಗ ಅದರ ಅಡ್ಡಗಲ 6 ಸೆಂಟಿಮೀಟರೇ ಉಳಿಯುತ್ತದೆ, ಉದ್ದ ಮಾತ್ರ 13.4ಕ್ಕೆ ಬೆಳೆಯುತ್ತದೆ. ನೀರು ಒಂದು ಹನಿಯೂ ಹೆಚ್ಚದೆ ಅದರ ಮೇಲ್ಮೈ ಎರಡೂಕಾಲು ಪಟ್ಟಿನಷ್ಟು ಹರವಾಗಿರುತ್ತದೆ.

ಈ ಅರ್ಧ ಲೋಟ ಎಷ್ಟು ವಾಲಿದರೆ ನೀರು ಅಂಚು ಮುಟ್ಟುತ್ತದೆ? ಹೆಚ್ಚಿನವರು ಊಹಿಸುವುದಕ್ಕಿಂತ ಬಹಳ ಹೆಚ್ಚು. 45 ಡಿಗ್ರಿ ಬಗ್ಗಿಸಿದರೂ ನೀರು ಒಂದು ಬದಿಯ ಗೋಡೆಯ ಮೇಲೆ 3 ಸೆಂಟಿಮೀಟರ್ ಏರುತ್ತದೆ, ಎದುರು ಬದಿಯಲ್ಲಿ ಅಷ್ಟೇ ಇಳಿಯುತ್ತದೆ. ಅಂಚಿಗೆ ಇನ್ನೂ 3 ಸೆಂಟಿಮೀಟರ್ ಬಾಕಿ. 63 ಡಿಗ್ರಿ ದಾಟಿದ ಮೇಲೆಯೇ ಮೊದಲ ಹನಿ ಬೀಳುವುದು. ಅದೇ ಲೋಟದಲ್ಲಿ 11 ಸೆಂಟಿಮೀಟರ್ ನೀರಿದ್ದರೆ 18 ಡಿಗ್ರಿ ವಾಲಿಸುವಷ್ಟರಲ್ಲಿ ಚೆಲ್ಲಲು ಶುರು. ಇಷ್ಟೆಲ್ಲ ಏರಿಳಿತದ ನಡುವೆ ಒಂದು ಬಿಂದು ಮಾತ್ರ ಜಾಗ ಬಿಡುವುದಿಲ್ಲ. ಲೋಟದ ನಟ್ಟನಡುವೆ ಒಂದು ಕಡ್ಡಿ ನಿಲ್ಲಿಸಿ ನೀರಿನ ಮಟ್ಟಕ್ಕೆ ಗುರುತು ಮಾಡಿದರೆ, ನೀರು ಬಾಯಂಚನ್ನೋ ತಳವನ್ನೋ ಮುಟ್ಟುವವರೆಗೆ ಮೇಲ್ಮೈ ಆ ಗುರುತಿನ ಮೂಲಕವೇ ಹಾಯುತ್ತಿರುತ್ತದೆ. ತಕ್ಕಡಿಯ ದಂಡ ನಡುಮೊಳೆಯ ಸುತ್ತ ಆಡಿದ ಹಾಗೆ.

ವಾಲುವುದು ನಿಜಕ್ಕೂ ಲೋಟ, ನೀರಲ್ಲ. ಗಾರೆಯವರ ರಸಮಟ್ಟವನ್ನು ಪಕ್ಕದಲ್ಲಿ ಹಿಡಿದರೆ ಮೇಲ್ಮೈ ಅದಕ್ಕೆ ಸಮನಾಗಿಯೇ ಇರುತ್ತದೆ. ಇಷ್ಟು ಸರಳ ಸಂಗತಿಯೂ ಮನಸ್ಸಿಗೆ ಸುಲಭವಾಗಿ ಇಳಿಯುವುದಿಲ್ಲ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳಿಗೆ ವಾಲಿದ ಸೀಸೆಯ ಚಿತ್ರ ಕೊಟ್ಟು, ಒಳಗೆ ನೀರಿನ ಗೆರೆ ಎಳೆಯಲು ಹೇಳುತ್ತಿದ್ದರು. ಚಿಕ್ಕ ಮಕ್ಕಳು ಸೀಸೆಯ ತಳಕ್ಕೆ ಸಮಾನಾಂತರವಾಗಿ, ಅಂದರೆ ಸೀಸೆಯ ಜೊತೆಗೇ ವಾಲಿದಂತೆ ಗೆರೆ ಎಳೆದರು. ಮುಂದೆ ಅದೇ ಪ್ರಶ್ನೆಯನ್ನು ದೊಡ್ಡವರಿಗೆ ಕೊಟ್ಟು ನೋಡಿದವರಿಗೆ, ದಿನವೂ ಲೋಟ ಎತ್ತಿ ಕುಡಿಯುವ ಅವರಲ್ಲೂ ಅನೇಕರು ತಪ್ಪುವುದು ಕಂಡುಬಂತು.

ಈ ಅಳತೆ ಎಲ್ಲಿ ಕೈಕೊಡುತ್ತದೆ ಎನ್ನುವುದನ್ನೂ ತಿಳಿದಿರಬೇಕು. ನೋಡಬೇಕಾದದ್ದು ಒಳತಳವನ್ನು. ದಪ್ಪ ತಳದ ಗಾಜಿನ ಲೋಟದಲ್ಲಿ ಹೊರಗಿನ ಬುಡಕ್ಕೆ ಕಣ್ಣಿಟ್ಟರೆ ಲೆಕ್ಕ ತಪ್ಪುತ್ತದೆ. ಒಳಮೂಲೆ ಬೋಗುಣಿಯಂತೆ ದುಂಡಗಿದ್ದರೆ ಮುಟ್ಟಿದ ಕ್ಷಣವೇ ಸ್ಪಷ್ಟವಾಗಿ ತಿಳಿಯದು. ಅಕ್ಕಿ, ಬೇಳೆಗಳಿಗಂತೂ ಇದು ಒಗ್ಗುವುದೇ ಇಲ್ಲ, ಏಕೆಂದರೆ ಕಾಳು ನೀರಿನಂತೆ ಮಟ್ಟ ಹುಡುಕುವುದಿಲ್ಲ, ಇಳಿಜಾರಾಗಿಯೇ ನಿಲ್ಲುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಬೈ-ಟು ಕಾಫಿಯದ್ದು. ಹೋಟೆಲಿನ ಲೋಟಗಳು ಒಂದರೊಳಗೊಂದು ಕೂರುವುದನ್ನು ಎಲ್ಲರೂ ನೋಡಿದ್ದಾರೆ. ಹಾಗೆ ಕೂರುವ ಲೋಟದ ಬಾಯಿ ಅಗಲ, ಬುಡ ಕಿರಿದು. ಒಂದೇ ಅಗಲದ ಲೋಟ ತನ್ನಂಥದೇ ಇನ್ನೊಂದರೊಳಗೆ ಇಳಿಯಲಾರದು, ಇದೇ ಗುರುತು ಹಿಡಿಯುವ ಬಗೆ. ಬಾಯಿ 7, ಬುಡ 5 ಸೆಂಟಿಮೀಟರ್ ಇರುವ ಲೋಟವನ್ನು ತಳದ ಮೂಲೆ ಕಾಣುವವರೆಗೆ ಬಗ್ಗಿಸಿದರೆ ಉಳಿಯುವುದು ನೂರರಲ್ಲಿ 38 ಪಾಲು ಮಾತ್ರ. ಉಳಿದ 62 ಗೆಳೆಯನ ಲೋಟಕ್ಕೆ ಹೋಗಿರುತ್ತದೆ. ಲೋಟವನ್ನು ನೆಟ್ಟಗಿಟ್ಟು ಅರ್ಧ ಎತ್ತರಕ್ಕೆ ನಿಲ್ಲಿಸಿದರೂ ಸರಿಯಾಗದು, ಅದು 42 ಪಾಲು. ನಿಜವಾದ ಅರ್ಧ ಸಿಗಬೇಕಾದರೆ ಎತ್ತರದ ನೂರರಲ್ಲಿ 58 ಭಾಗ, ಅಂದರೆ ನಡುವಿಗಿಂತ ಸ್ವಲ್ಪ ಮೇಲಕ್ಕೆ ಕಾಫಿ ಉಳಿಯಬೇಕು.

ಮತ್ತೆ ಗಾಜಿನ ಲೋಟಕ್ಕೆ ಬರೋಣ. ಅರ್ಧ ಉಳಿದ ಮೇಲೂ ಬಗ್ಗಿಸುತ್ತ ಹೋದರೆ ತಳ ಸ್ವಲ್ಪಸ್ವಲ್ಪವೇ ಬಯಲಾಗುತ್ತದೆ. ನೀರಿನ ಗೆರೆ ತಳದ ವೃತ್ತವನ್ನು ಸರಿಯಾಗಿ ಎರಡು ಭಾಗ ಮಾಡಿದಾಗ ನಿಲ್ಲಿಸಿ. ಉಳಿದ ನೀರು ಈಗ ಕುದುರೆಯ ಗೊರಸಿನ ಆಕಾರದಲ್ಲಿದೆ. ಇದರ ಗಾತ್ರವನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಕಂಡುಹಿಡಿದವನು ಆರ್ಕಿಮಿಡೀಸ್. ಅಲೆಕ್ಸಾಂಡ್ರಿಯದ ಎರಟೋಸ್ತನೀಸನಿಗೆ ಬರೆದು ಕಳಿಸಿದ ಕೃತಿಯಲ್ಲಿ ಅವನು ಅದನ್ನು ವಿವರಿಸಿದ್ದ. ಆ ಬರಹವಿದ್ದ ಚರ್ಮದ ಹಾಳೆಗಳನ್ನು ಮಧ್ಯಯುಗದಲ್ಲಿ ಯಾರೋ ಕೆರೆದು ಅಳಿಸಿ, ಮೇಲೆ ಪ್ರಾರ್ಥನೆಗಳನ್ನು ಬರೆದುಕೊಂಡರು. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆ ಪ್ರಾರ್ಥನಾ ಪುಸ್ತಕ ನೋಡಿ, ಅಡಿಯ ಮಸುಕು ಅಕ್ಷರಗಳನ್ನು ಓದಿದರು.

ಉತ್ತರ ಬೆರಗು ಹುಟ್ಟಿಸುವಷ್ಟು ಸುಲಭವಾಗಿದೆ. ಲೋಟ ಸರಿಯಾಗಿ ಹಿಡಿಸುವ ಒಂದು ಚೌಕ ಡಬ್ಬಿಯನ್ನು ಊಹಿಸಿಕೊಳ್ಳಿ. ಗೊರಸಿನ ಗಾತ್ರ ಆ ಡಬ್ಬಿಯ ಆರನೇ ಒಂದು ಭಾಗ. ದುಂಡು ವಸ್ತುವಿನ ಲೆಕ್ಕವಾದರೂ ಶಾಲೆಯಲ್ಲಿ ಕಲಿತ ಪೈ ಇಲ್ಲಿ ಬರುವುದೇ ಇಲ್ಲ. ನಮ್ಮ ಲೋಟಕ್ಕೆ ಡಬ್ಬಿ 6, 6 ಮತ್ತು 12 ಸೆಂಟಿಮೀಟರಿನದು, ಅಂದರೆ 432 ಮಿಲಿಲೀಟರ್. ಅದರ ಆರನೇ ಒಂದು ಪಾಲು 72. ಔಷಧಿ ಅಳೆಯುವ ಗೆರೆಯುಳ್ಳ ಮುಚ್ಚಳ ಮನೆಯಲ್ಲಿದ್ದರೆ, ಗೊರಸಿನಾಕಾರದ ಆ ನೀರನ್ನು ಅದಕ್ಕೆ ಸುರಿದು ಅಳೆದು ನೋಡಿ. ಕೈ ಅಲುಗದಿದ್ದರೆ 72ರ ಆಸುಪಾಸಿನಲ್ಲೇ ಸಿಗುತ್ತದೆ.