ಗೆಳೆಯನ ಖಾನಾವಳಿ ಮತ್ತು ನಮ್ಮ ಲೆಕ್ಕದ ಪುಸ್ತಕ

ಒಂದೇ ಶಾಲೆಯಲ್ಲಿ ಕಲಿತ ಇಬ್ಬರಲ್ಲಿ ಒಬ್ಬನು ವ್ಯಾಪಾರದಲ್ಲಿ ಮುಂದೆ ಬಂದನೆಂದರೆ ಇನ್ನೊಬ್ಬನು ಅದೇ ವ್ಯಾಪಾರವನ್ನು ಹಿಡಿಯುವುದು ನಮ್ಮ ಊರುಗಳಲ್ಲಿ ತೀರ ಸಾಮಾನ್ಯವಾದ ಸಂಗತಿ. ಕಣ್ಣೆದುರಿಗೆ ನಡೆದು ತೋರಿಸಿದ ದಾರಿ ಅದಾಗಿರುವುದರಿಂದ ಅಪಾಯ ಕಡಿಮೆ ಎಂಬ ಭಾವನೆ ಅದರ ಹಿಂದೆ ಇರುತ್ತದೆ. ಆದರೆ ಎರಡನೆಯವನ ಅಂಗಡಿ ಒಂದೆರಡು ವರ್ಷಗಳಲ್ಲಿಯೇ ಬಾಗಿಲು ಹಾಕಿಕೊಳ್ಳುವುದನ್ನೂ ನಾವು ನೋಡುತ್ತೇವೆ. ಆಗ ಜನರು ‘ಅವನ ಕೈಗುಣ ಇವನಿಗಿಲ್ಲ’ ಎಂದು ಹೇಳಿ ಸುಮ್ಮನಾಗುತ್ತಾರೆ. ಕೈಗುಣದ ಮಾತನ್ನು ಬದಿಗಿಟ್ಟು ಲೆಕ್ಕದ ಪುಸ್ತಕವನ್ನು ತೆರೆದು ನೋಡಿದರೆ ಕಾರಣವು ಬಹುಮಟ್ಟಿಗೆ ಅಲ್ಲಿಯೇ ಸಿಕ್ಕುತ್ತದೆ. ನಮ್ಮ ಭಾಗದವರೆಲ್ಲರಿಗೂ ಪರಿಚಿತವಾದ ಖಾನಾವಳಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ಈ ವಿಷಯವನ್ನು ನೋಡೋಣ. ಇಲ್ಲಿ ಬರುವ ಇಬ್ಬರು ಗೆಳೆಯರೂ ಅಂಕಿಗಳೂ ವಿವರಣೆಗಾಗಿ ಕಲ್ಪಿಸಿಕೊಂಡವು. ಓದುಗರು ತಮ್ಮ ಊರಿನ ದರಗಳನ್ನು ಹಾಕಿ ಅವನ್ನು ತಿದ್ದಿಕೊಳ್ಳಬಹುದು.

ಮೊದಲನೆಯ ಗೆಳೆಯನ ಖಾನಾವಳಿಯು ಕೃಷಿ ಮಾರುಕಟ್ಟೆಯ ಪ್ರಾಂಗಣಕ್ಕೆ ಹತ್ತಿರದಲ್ಲಿದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಒಂದು ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಅನ್ನ, ಸಾರು. ಊಟಕ್ಕೆ 80 ರೂಪಾಯಿ. ದಿನಕ್ಕೆ 150 ಊಟಗಳು ಹೋಗುತ್ತವೆ. ಅಂದರೆ 12,000 ರೂಪಾಯಿಗಳ ಆದಾಯ. ದಿನಸಿ, ಕಾಯಿಪಲ್ಯ, ಹಾಲು ಮೊಸರುಗಳಿಗೆ ಊಟವೊಂದಕ್ಕೆ 45 ರೂಪಾಯಿಯಂತೆ 6,750. ಬಡಿಸುವ ಮತ್ತು ಪಾತ್ರೆ ತಿಕ್ಕುವ ಮೂವರಿಗೆ ಕೂಲಿ 1,500. ಗ್ಯಾಸು, ವಿದ್ಯುತ್ತು, ನೀರು ಮುಂತಾದವಕ್ಕೆ 1,000. ಇವನ್ನು ಕಳೆದರೆ ದಿನಕ್ಕೆ 2,750 ಉಳಿಯಿತು. ತಿಂಗಳಿಗೆ 26 ದಿನ ಹಿಡಿದರೆ 71,500 ರೂಪಾಯಿ. ‘ಹೇಗಪ್ಪಾ ವ್ಯಾಪಾರ?’ ಎಂದು ಕೇಳಿದ ಗೆಳೆಯನಿಗೆ ಅವನು ‘ಖರ್ಚೆಲ್ಲ ಹೋಗಿ ಎಪ್ಪತ್ತು ಸಾವಿರಕ್ಕೆ ಮೋಸವಿಲ್ಲ’ ಎಂದು ಹೇಳುತ್ತಾನೆ. ಅವನು ಸುಳ್ಳನ್ನೇನೂ ಹೇಳುತ್ತಿಲ್ಲ. ಕೈಯಿಂದ ಹೊರಗೆ ಹೋದ ಹಣವನ್ನು ಮಾತ್ರ ಅವನು ಖರ್ಚೆಂದು ತಿಳಿದಿದ್ದಾನೆ, ಅಷ್ಟೇ.

ಕೈಯಿಂದ ಹೋಗದೆಯೂ ಖರ್ಚಾಗುತ್ತಿರುವ ಬಾಬುಗಳು ಮೂರಿವೆ. ಖಾನಾವಳಿಯ ಕಟ್ಟಡ ತಂದೆಯ ಕಾಲದ ಸ್ವಂತದ್ದು. ಅದೇ ಜಾಗವನ್ನು ಬೇರೆಯವರಿಗೆ ಕೊಟ್ಟರೆ ತಿಂಗಳಿಗೆ 20,000 ಬಾಡಿಗೆ ಬಂದೀತು. ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯುವವರು ಅವನ ತಾಯಿ ಮತ್ತು ಹೆಂಡತಿ. ಆ ಕೆಲಸಕ್ಕೆ ದಿನಕ್ಕೆ 500ರಂತೆ ಇಬ್ಬರು ಹೆಣ್ಣುಮಕ್ಕಳನ್ನು ಹಚ್ಚಿದರೆ ತಿಂಗಳಿಗೆ 26,000. ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾದ ಮೇಲೆ ಕುಳಿತು ಸಂತೆಯ ಕೆಲಸವನ್ನೂ ನೋಡಿಕೊಳ್ಳುವವನು ತಾನೇ. ಅದಕ್ಕೊಬ್ಬ ನಂಬಿಗಸ್ತನನ್ನು ಇಟ್ಟರೆ 18,000. ಒಟ್ಟು 64,000. ಹೀಗೆ ನೋಡಿದರೆ ಖಾನಾವಳಿ ಎಂಬ ವ್ಯಾಪಾರವು ತಾನಾಗಿಯೇ ಗಳಿಸುತ್ತಿರುವುದು 7,500 ರೂಪಾಯಿ ಮಾತ್ರ. ಉಳಿದದ್ದು ಮನೆಯ ಬಾಡಿಗೆ ಮತ್ತು ಮನೆಯವರ ದುಡಿಮೆ. ಅದು ಲಾಭವೆಂಬ ಹೆಸರಿನಲ್ಲಿ ಗಲ್ಲಾಕ್ಕೆ ಬಂದು ಬೀಳುತ್ತಿದೆ. (ರೊಟ್ಟಿ ಬಡಿಯುವ ತಾಯಿಯ ಹೆಸರು ನಮ್ಮ ಯಾವ ಜಮಾಖರ್ಚಿನ ಪುಸ್ತಕದಲ್ಲಿಯೂ ಕಾಣಿಸಿಕೊಳ್ಳದಿರುವುದು ಬೇರೆಯೇ ಒಂದು ವಿಚಾರ.)

ಈಗ ಎರಡನೆಯ ಗೆಳೆಯನನ್ನು ನೋಡೋಣ. ಅವನು ಎರಡು ಬೀದಿಗಳ ಆಚೆ ಬಾಡಿಗೆಯ ಜಾಗ ಹಿಡಿಯುತ್ತಾನೆ. ಅದೇ ಊಟ, ಅದೇ ದರ, ಹೆಚ್ಚುಕಡಿಮೆ ಅದೇ ಬೋರ್ಡು. ಮೇಜು, ಪಾತ್ರೆ, ಮುಂಗಡಗಳಿಗೆಂದು 6 ಲಕ್ಷ ಸಾಲ ಮಾಡುತ್ತಾನೆ. ಐದು ವರ್ಷಗಳ ಅವಧಿಗೆ ಅದರ ಕಂತು ತಿಂಗಳಿಗೆ ಸುಮಾರು 13,000. ಬಾಡಿಗೆ, ರೊಟ್ಟಿಯವರ ಕೂಲಿ, ಕಂತು ಸೇರಿ 59,000 ರೂಪಾಯಿಗಳು ಪ್ರತಿ ತಿಂಗಳೂ ಅವನ ಕೈಯಿಂದ ಹೊರಗೆ ಹೋಗಲೇಬೇಕು. ಅವನ ಖಾನಾವಳಿಯೂ ಮೊದಲ ದಿನದಿಂದಲೇ ತುಂಬಿ 150 ಊಟಗಳು ಹೋದವೆಂದು ಇಟ್ಟುಕೊಂಡರೂ 71,500ರಲ್ಲಿ ಉಳಿಯುವುದು 12,500. ಅವನು ಬೇರೆಯವರ ಗಲ್ಲಾದ ಮೇಲೆ ಕುಳಿತಿದ್ದರೆ ಇದಕ್ಕಿಂತ ಹೆಚ್ಚು ಬರುತ್ತಿತ್ತು. ವಾಸ್ತವದಲ್ಲಿ ಖಾನಾವಳಿ ತುಂಬುವುದಿಲ್ಲ. ಮಾರುಕಟ್ಟೆಗೆ ಬರುವ ಹಮಾಲರು, ರೈತರು, ಅಡತಿ ಅಂಗಡಿಯ ಗುಮಾಸ್ತರು ಮೊದಲಿನಷ್ಟೇ ಇದ್ದಾರೆ. 90 ಊಟಗಳಾದರೆ ಊಟಕ್ಕೆ 35ರಂತೆ 3,150. ಕೂಲಿ ಮತ್ತು ಗ್ಯಾಸು ಮುಂತಾದ ಖರ್ಚು 2,500 ಹೋದರೆ ದಿನಕ್ಕೆ 650, ತಿಂಗಳಿಗೆ 16,900. ಗ್ಯಾಸಿನಲ್ಲಿ ಒಂದಿಷ್ಟು ಉಳಿದೀತು, ಅದಿರಲಿ. 59,000 ಕೊಡಬೇಕಾದವನಿಗೆ ತಿಂಗಳಿಗೆ 42,100 ಕಡಿಮೆ ಬೀಳುತ್ತದೆ.

ಇದರ ಜೊತೆಗೆ ಋತುಮಾನದ ಏರಿಳಿತವಿದೆ. ಸುಗ್ಗಿಯಲ್ಲಿ ಮಾರುಕಟ್ಟೆ ತುಂಬಿರುತ್ತದೆ. ಮಾಲು ಬರುವುದು ನಿಂತ ತಿಂಗಳುಗಳಲ್ಲಿ ಪ್ರಾಂಗಣ ಬಿಕೋ ಎನ್ನುತ್ತದೆ. ಆಗ ಮೊದಲನೆಯವನು ಮನೆಯ ಖರ್ಚನ್ನು ಬಿಗಿಹಿಡಿದು ಕಾಯುತ್ತಾನೆ, ಏಕೆಂದರೆ ಅವನ ತಾಯಿ ಶನಿವಾರ ಬಂದಿತೆಂದು ಕೂಲಿ ಕೇಳುವುದಿಲ್ಲ. ಎರಡನೆಯವನಿಗೆ ಬಾಡಿಗೆಯ ಮಾಲೀಕನೂ ಬ್ಯಾಂಕಿನವರೂ ಕಾಯುವುದಿಲ್ಲ. ಮೊದಲ ತಿಂಗಳ ಗಿರಾಕಿಯನ್ನು ನೋಡಿ ಅವನು ಮೋಸಹೋಗುವ ಸಂಭವವೂ ಉಂಟು. ಆ ತಿಂಗಳು ಉಣ್ಣಲು ಬರುವವರಲ್ಲಿ ಬೀಗರೂ ಬಳಗದವರೂ ಬಹಳ. ಮೂರನೆಯ ತಿಂಗಳಲ್ಲಿ, ಉದ್ರಿ ಬರೆಸದೆ ರೊಕ್ಕ ಕೊಟ್ಟು ವಾರಕ್ಕೆ ನಾಲ್ಕು ಬಾರಿ ಉಣ್ಣುವ ಅಪರಿಚಿತರೆಷ್ಟು ಎಂದು ಎಣಿಸಿದರೆ ನಿಜಸ್ಥಿತಿ ತಿಳಿಯುತ್ತದೆ. ಆ ಸಂಖ್ಯೆ ಏರದೆ ನಿಂತಿದ್ದರೆ ಬೋರ್ಡನ್ನು ಬದಲಿಸಿ ಪ್ರಯೋಜನವಿಲ್ಲ.

ಆದ್ದರಿಂದ ಗೆಳೆಯನನ್ನು ‘ಎಷ್ಟು ಲಾಭ?’ ಎಂದು ಕೇಳುವುದಕ್ಕಿಂತ ಬೇರೆ ಪ್ರಶ್ನೆಗಳನ್ನು ಕೇಳಬೇಕು. ತಾಯಿಯವರು ಒಂದು ತಿಂಗಳು ಹಾಸಿಗೆ ಹಿಡಿದರೆ ರೊಟ್ಟಿಗೆ ಏನು ಮಾಡುತ್ತೀ? ಯಾವ ತಿಂಗಳಲ್ಲಿ ಮನೆಯಿಂದ ಹಣ ಹಾಕಿದೆ? ಕಿರಾಣಿಯವನು ನಿನಗೆ ಎಷ್ಟು ದಿನದ ಉದ್ರಿ ಕೊಡುತ್ತಾನೆ, ಹೊಸಬನಿಗೂ ಅಷ್ಟೇ ಕೊಟ್ಟಾನೆಯೇ? ಇವಕ್ಕೆ ಬರುವ ಉತ್ತರಗಳನ್ನು ಬರೆದುಕೊಂಡು, ಅವನು ಬಿಟ್ಟಿಯಾಗಿ ಪಡೆಯುವ ಪ್ರತಿಯೊಂದಕ್ಕೂ ಮಾರುಕಟ್ಟೆಯ ಬೆಲೆ ಕಟ್ಟಿ ನಮ್ಮ ಲೆಕ್ಕದಲ್ಲಿ ಸೇರಿಸಬೇಕು. ಅಷ್ಟಾದ ಮೇಲೂ ಏನಾದರೂ ಉಳಿದರೆ ಮಾತ್ರ ಆ ವ್ಯಾಪಾರವನ್ನು ಇದ್ದಂತೆಯೇ ಎತ್ತಿಕೊಳ್ಳಬಹುದು.

ಹಾಗೆಂದರೆ ಒಬ್ಬರು ಮಾಡಿದ ವಸ್ತುವನ್ನು ಇನ್ನೊಬ್ಬರು ಮಾಡಲೇಬಾರದೆಂದಲ್ಲ. ಧಾರವಾಡದ ಪೇಡೆಯನ್ನೇ ನೋಡಬಹುದು. ಉತ್ತರ ಪ್ರದೇಶದಿಂದ ಬಂದು ನೆಲೆಸಿದ ಠಾಕೂರ ಮನೆತನದವರು ಲೈನ್ ಬಜಾರಿನಲ್ಲಿ ಅದಕ್ಕೆ ಹೆಸರು ತಂದರು. ಅವರ ಅಂಗಡಿಯ ಮುಂದೆ ಜನರು ಸಾಲುಗಟ್ಟಿ ನಿಂತು ಕೊಳ್ಳುವುದು ಪ್ರಸಿದ್ಧವೇ ಆಗಿದೆ. ಅದೇ ಪ್ರಾಂತದ ಮೂಲದ ಮಿಶ್ರಾ ಮನೆತನದವರು 1933ರಲ್ಲಿ ಅದೇ ಊರಿನಲ್ಲಿ ಅದೇ ಸಿಹಿಯ ವ್ಯಾಪಾರವನ್ನು ಆರಂಭಿಸಿದರು. ಅವರ ಸಂಸ್ಥೆ ಬೆಳೆದದ್ದು ಬೇರೆ ಬಗೆಯಲ್ಲಿ: ಅನೇಕ ಊರುಗಳಲ್ಲಿ ಮಳಿಗೆಗಳನ್ನು ತೆರೆದು, ಕೊಳ್ಳುವವನಿದ್ದಲ್ಲಿಗೇ ಪೇಡೆಯನ್ನು ಒಯ್ದು. ವಸ್ತು ಒಂದೇ ಆದರೂ ಒಂದು ಕಡೆ ಗಿರಾಕಿಯೇ ಅಂಗಡಿಯನ್ನು ಹುಡುಕಿಕೊಂಡು ಬರುತ್ತಾನೆ, ಇನ್ನೊಂದು ಕಡೆ ಅಂಗಡಿಯೇ ಅವನಿದ್ದಲ್ಲಿಗೆ ಹೋಗುತ್ತದೆ. ಎರಡೂ ಬಾಳಿದವು.

ನಮ್ಮ ಎರಡನೆಯ ಗೆಳೆಯನ ಕಡೆಗೆ ತಿರುಗಿ ಬರೋಣ. ಅವನ ಬಳಿ ಸ್ವಂತ ಕಟ್ಟಡವಿಲ್ಲ. ಆದರೆ ಹತ್ತು ವರ್ಷ ಕಿರಾಣಿ ಸಗಟು ವ್ಯಾಪಾರಿಯ ಮಾಲನ್ನು ಸಣ್ಣ ಗಾಡಿಯಲ್ಲಿ ಹಾಕಿಕೊಂಡು ತಾಲೂಕಿನ ಅಂಗಡಿಗಳಿಗೆ ಮುಟ್ಟಿಸಿದ ಅನುಭವವಿದೆಯೆಂದು ಭಾವಿಸೋಣ. ಯಾವ ಅಂಗಡಿಯವನು ರೊಕ್ಕ ಸರಿಯಾಗಿ ಕೊಡುತ್ತಾನೆ, ಯಾರು ತಿಂಗಳುಗಟ್ಟಲೆ ಸತಾಯಿಸುತ್ತಾರೆ ಎಂಬುದು ಅವನಿಗೆ ಬಾಯಿಪಾಠ. ಹಳ್ಳಿಯ ಮನೆಯಲ್ಲಿ ಅಡಿಗೆಮನೆಯೂ ಒಣ ಪಡಸಾಲೆಯೂ ಇವೆ; ಓಣಿಯಲ್ಲಿ ರೊಟ್ಟಿಯ ಕೈಯುಳ್ಳ ಹೆಣ್ಣುಮಕ್ಕಳಿದ್ದಾರೆ. ಇವೇ ಅವನಿಗೆ ಬೇರೆಯವರಿಗಿಂತ ಅಗ್ಗವಾಗಿ ದೊರೆಯುವ ಸಾಧನಗಳು. ಹೀಗಿರುವಾಗ ಅವನು ಗೆಳೆಯನ ಖಾನಾವಳಿಯಿಂದ ಒಂದೇ ವಸ್ತುವನ್ನು, ರೊಟ್ಟಿಯನ್ನು, ತೆಗೆದುಕೊಂಡು ಅದನ್ನು ಖಡಕ್ ಮಾಡಿ ಅಂಗಡಿಗಳಿಗೆ ಹಾಕುವುದು ಹೆಚ್ಚು ಸಮಂಜಸ.

ಖಡಕ್ ರೊಟ್ಟಿಯಲ್ಲಿ ಕೆಡುವುದೆಲ್ಲ ಹಿಟ್ಟಿನಲ್ಲಿ ಮತ್ತು ತೇವದಲ್ಲಿ. ಜೋಳದ ಹಿಟ್ಟಿಗೆ ಗೋದಿಯಂತೆ ಸ್ವಾಭಾವಿಕವಾದ ಅಂಟಿಲ್ಲ. ಕುದಿಯುವ ಎಸರಿನಲ್ಲಿ ಅದರ ಪಿಷ್ಟವು ಬೆಂದು ಜಿಗಿ ಬರಬೇಕು. ಬೀಸಿಸಿ ಬಹಳ ದಿನ ಇಟ್ಟ ಹಿಟ್ಟಿನ ಜಿಗಿ ಹೋಗಿ ಬಡಿಯುವಾಗ ಅಂಚು ಒಡೆಯುತ್ತದೆ. ಆದಕಾರಣ ಹಿಂಗಾರಿ ಮಾಲದಂಡಿ ಜೋಳವನ್ನು ಕಾಳಿನಲ್ಲಿಯೇ ಕೂಡಿಟ್ಟು, ವಾರಕ್ಕೆ ಬೇಕಾದಷ್ಟನ್ನೇ ಬೀಸಿಸುವುದು ಒಳ್ಳೆಯದು. ಹಂಚಿನ ಮೇಲೆ ಬೆಂದ ರೊಟ್ಟಿಯನ್ನು ಒಲೆಯ ಸುತ್ತ ನಿಲ್ಲಿಸಿ ಪೂರ್ತಿ ಒಣಗಿಸಬೇಕು. ಮುರಿದಾಗ ಮಧ್ಯದಲ್ಲಿಯೂ ಟಪ್ ಎಂದು ಸದ್ದಾದರೆ ಒಣಗಿದೆ ಎಂದರ್ಥ. ಬಾಗಿದರೆ ತೇವ ಉಳಿದಿದೆ, ಪೊಟ್ಟಣದೊಳಗೆ ಅದು ಬೂಸರು ಹಿಡಿಯುತ್ತದೆ. ಬಿಸಿಯಿರುವಾಗಲೇ ಕಟ್ಟಿದರೂ ಇದೇ ಗತಿ.

ಕಿಲೋ ಹಿಟ್ಟಿಗೆ 25 ರೊಟ್ಟಿಗಳೆಂದರೆ ಒಂದಕ್ಕೆ ಹಿಟ್ಟಿನ ಖರ್ಚು 2 ರೂಪಾಯಿ, ಬಡಿದವರಿಗೆ 1.50, ಉರುವಲಿಗೆ 50 ಪೈಸೆ, ಪೊಟ್ಟಣ ಮತ್ತು ಮುರುಕಿನ ಬಾಬು 50 ಪೈಸೆ. ಒಟ್ಟು 4.50. ಅಂಗಡಿಯವನಿಗೆ 6 ರೂಪಾಯಿಗೆ ಹಾಕಿದರೆ 500 ರೊಟ್ಟಿಗಳಿಗೆ 750 ಉಳಿದು, ಗಾಡಿಯ ಖರ್ಚು 250 ಹೋಗಿ ದಿನಕ್ಕೆ 500, ತಿಂಗಳಿಗೆ 13,000 ಕೈಗೆ ಬರುತ್ತದೆ. ಗೆಳೆಯನ ಎಪ್ಪತ್ತು ಸಾವಿರದ ಮುಂದೆ ಇದು ಸಣ್ಣ ಮೊತ್ತವೇ. ಆದರೆ ಸಾಲದ ಕಂತಿಲ್ಲ, ಅಂಗಡಿಯ ಬಾಡಿಗೆಯಿಲ್ಲ. ಕೂಲಿಯು ರೊಟ್ಟಿಯ ಎಣಿಕೆಯ ಮೇಲಿರುವುದರಿಂದ ವ್ಯಾಪಾರ ಇಳಿದ ವಾರ ಖರ್ಚೂ ಇಳಿಯುತ್ತದೆ. ತನ್ನ ಅಡಿಗೆಮನೆಗೂ ಗಾಡಿಗೂ ಅವನು ಒಂದು ಬೆಲೆಯನ್ನು ಬರೆದಿಡುವುದು ಮಾತ್ರ ಅವಶ್ಯ. ಇಲ್ಲದಿದ್ದರೆ ಅವನನ್ನು ನೋಡಿ ಶುರು ಮಾಡುವ ಮೂರನೆಯ ಗೆಳೆಯನಿಗೆ ಇವನೂ ತಪ್ಪು ಲೆಕ್ಕವನ್ನೇ ಹೇಳಿಯಾನು.

ಮೊದಲು ಐದು ಅಂಗಡಿಗಳಿಗೆ ದಿನಕ್ಕೆ 100 ರೊಟ್ಟಿ ಹಾಕಿ ನೋಡಬೇಕು. ಮಾರದೆ ಉಳಿದದ್ದನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಹೇಳಿದರೆ ಅಂಗಡಿಯವನು ಬೇಡವೆನ್ನುವುದಿಲ್ಲ. ಮೊದಲ ಸಲ ಕೊಂಡದ್ದನ್ನು ಎಣಿಕೆಗೆ ಹಿಡಿಯಬಾರದು. ಅಂಗಡಿಯವನು ತಾನಾಗಿ ‘ನಾಳೆ ಎರಡು ಕಟ್ಟು ಹೆಚ್ಚಿಗೆ ತಾ’ ಎಂದದ್ದನ್ನು ಹಿಡಿಯಬೇಕು. ಆರು ವಾರಗಳಾದರೂ ಐವರಲ್ಲಿ ಇಬ್ಬರು ಕೂಡ ಹಾಗೆ ಕೇಳದಿದ್ದರೆ ನಿಲ್ಲಿಸಬಹುದು. ಹೋಗುವುದು ಕೆಲವು ಸಾವಿರ ರೂಪಾಯಿ. ಮಳೆಗಾಲದಲ್ಲಿ ಒಣಗಿಸುವುದು ತಡವಾಗಿ ಮಾಲು ಅರ್ಧಕ್ಕಿಳಿಯುತ್ತದೆ, ಅದನ್ನು ವರ್ಷದ ಲೆಕ್ಕದಲ್ಲಿ ಮೊದಲೇ ಕಳೆದಿಡಬೇಕು. ಕೈಯಿಂದ ಬಡಿಯುವ ಕೆಲಸವಾದ್ದರಿಂದ ಒಂದು ಮನೆಯಿಂದ ಹೊರಡುವ ಮಾಲಿಗೂ ಮಿತಿಯಿದೆ; ಯಂತ್ರವನ್ನು ಕೊಳ್ಳುವ ಮಾತು ಎರಡು ಸುಗ್ಗಿಗಳ ಮಾರಾಟವನ್ನು ನೋಡಿದ ಮೇಲಿನದು. ಆ ವೇಳೆಗೆ ಮೊದಲನೆಯ ಗೆಳೆಯನೂ ಗಿರಾಕಿಯಾಗಿರಬಹುದು, ಏಕೆಂದರೆ ತಾಯಿಯವರು ಊರಿಗೆ ಹೋದ ದಿನ ಅವನ ಖಾನಾವಳಿಗೂ ರೊಟ್ಟಿ ಬೇಕೇ ಬೇಕು.