ಮೂರು ರೂಪಾಯಿ ಬಿಚ್ಚಿಟ್ಟ ಪೆಟ್ರೋಲ್ ಲೆಕ್ಕ

2024ರ ಜೂನ್ 15ರಂದು ಕರ್ನಾಟಕ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಬೆಂಗಳೂರಿನಲ್ಲಿ ಲೀಟರಿಗೆ 99.84 ರೂಪಾಯಿ ಇದ್ದ ಪೆಟ್ರೋಲ್ 102.84 ಆಯಿತು. ಮರುದಿನದಿಂದ ವಾದ ಶುರುವಾಯಿತು. ರಾಜ್ಯ ಸುಲಿಗೆ ಮಾಡುತ್ತಿದೆ ಎಂದು ಒಂದು ಕಡೆಯವರು, ಕೇಂದ್ರದ ಸುಂಕವೇ ದೊಡ್ಡದು ಎಂದು ಇನ್ನೊಂದು ಕಡೆಯವರು. ಎರಡೂ ಕಡೆಯವರ ಬಾಯಲ್ಲಿ ಅಂಕಿಗಳಿದ್ದವು, ಆದರೆ 102.84 ರೂಪಾಯಿ ಯಾರ್‍ಯಾರ ಪಾಲಾಗುತ್ತದೆ ಎಂದು ಪೂರ್ತಿ ಬಿಡಿಸಿ ಹೇಳಿದವರು ಕಡಿಮೆ. ಹಾಗೆ ನೋಡಿದರೆ ಅದನ್ನು ಬಿಡಿಸಲು ಬೇಕಾದ ಸುಳಿವು ಆ ಮೂರು ರೂಪಾಯಿಯಲ್ಲೇ ಇತ್ತು. ಪೆನ್ಸಿಲ್ ಹಿಡಿದು ಕೂತರೆ ಸಾಕು.

ತೆರಿಗೆ ಏರಿದ್ದು ಶೇ 3.92ರಷ್ಟು. ಅದರಿಂದ ಹೆಚ್ಚಿದ್ದು 3 ರೂಪಾಯಿ. ಹಾಗಾದರೆ ರಾಜ್ಯ ಸರ್ಕಾರ ಎಷ್ಟು ರೂಪಾಯಿಯ ಮೇಲೆ ತೆರಿಗೆ ಹಾಕುತ್ತಿದೆ? ಭಾಗಿಸಿದರೆ 76 ರೂಪಾಯಿ ಚಿಲ್ಲರೆ ಬರುತ್ತದೆ. ನಾನು ಇಲ್ಲಿ 76.30 ಎಂದು ಹಿಡಿಯುತ್ತೇನೆ. ಯಾಕೆಂದರೆ ಆಗ ಡೀಲರ್‌ಗೆ ಸಿಗುತ್ತಿದ್ದ ಸರಾಸರಿ ಕಮಿಷನ್ 3.77 ರೂಪಾಯಿ, ಅದನ್ನು ಸೇರಿಸಿದಾಗ ಲೆಕ್ಕ ಪೈಸೆಗೆ ಪೈಸೆ ಕೂಡಿಬರುತ್ತದೆ. 76.30ಕ್ಕೆ ಶೇ 29.84ರಂತೆ ತೆರಿಗೆ 22.77 ರೂಪಾಯಿ. ಎರಡೂ ಸೇರಿ 99.07. ಅದಕ್ಕೆ ಕಮಿಷನ್ 3.77 ಕೂಡಿಸಿದರೆ 102.84. ಬಂಕಿನ ಫಲಕದಲ್ಲಿ ಇದ್ದದ್ದೂ ಅದೇ.

ಈ 76.30ರಲ್ಲಿ ಕೇಂದ್ರದ ಅಬಕಾರಿ ಸುಂಕ ಆಗ 19.90 ರೂಪಾಯಿ. ಅದನ್ನು ಕಳೆದರೆ ಉಳಿಯುವ 56.40 ರೂಪಾಯಿಯೇ ಸಾಗಣೆಯೂ ಸೇರಿದ ಮೂಲ ಬೆಲೆ. ಅಂದರೆ ಪ್ರತಿ ಲೀಟರಿನಲ್ಲಿ ತೈಲ ಕಂಪನಿಗೆ 56.40, ಕೇಂದ್ರಕ್ಕೆ 19.90, ರಾಜ್ಯಕ್ಕೆ 22.77, ಬಂಕಿನವರಿಗೆ 3.77. ಸಾವಿರ ರೂಪಾಯಿಯ ಪೆಟ್ರೋಲ್ ಹಾಕಿಸಿದವರು ಸುಮಾರು 415 ರೂಪಾಯಿ ತೆರಿಗೆ ಕಟ್ಟಿದ್ದರು.

ಇಲ್ಲಿ ಕಣ್ಣು ಹಾಯಿಸಬೇಕಾದ ಒಂದು ಸಂಗತಿ ಇದೆ. ಕೇಂದ್ರದ ಸುಂಕ ಲೀಟರಿಗೆ ಇಂತಿಷ್ಟು ರೂಪಾಯಿ ಎಂದು ನಿಗದಿಯಾದದ್ದು. ಕಚ್ಚಾ ತೈಲ ಏರಲಿ ಇಳಿಯಲಿ, ಆದೇಶ ಬದಲಾಗುವ ತನಕ ಅದು ಅಷ್ಟೇ. ರಾಜ್ಯದ್ದು ಹಾಗಲ್ಲ, ಅದು ಶೇಕಡಾ ಲೆಕ್ಕ. ಮೂಲ ಬೆಲೆ 5 ರೂಪಾಯಿ ಏರಿದರೆ ವಿಧಾನಸೌಧದಲ್ಲಿ ಯಾರೂ ಕಡತಕ್ಕೆ ಸಹಿ ಹಾಕದೆಯೇ ರಾಜ್ಯದ ತೆರಿಗೆ ಒಂದೂವರೆ ರೂಪಾಯಿ ಏರುತ್ತದೆ. ಬೆಲೆ ಇಳಿದರೆ ಅಷ್ಟೇ ತಾನಾಗಿ ಕರಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ರಾಜ್ಯದ ಶೇಕಡಾವಾರು ತೆರಿಗೆ ಕೇಂದ್ರದ ಸುಂಕದ ಮೇಲೂ ಬೀಳುತ್ತದೆ. 19.90 ರೂಪಾಯಿಗೆ ಶೇ 29.84ರಂತೆ 5.94 ರೂಪಾಯಿ. ನಾವು ರಾಜ್ಯಕ್ಕೆ ಕೊಡುವ 22.77ರಲ್ಲಿ ಸುಮಾರು ಆರು ರೂಪಾಯಿ ತೆರಿಗೆಯ ಮೇಲಿನ ತೆರಿಗೆ. ಹೀಗೆ ತೆರಿಗೆಯ ಮೇಲೆ ತೆರಿಗೆ ಬೀಳಬಾರದು ಎಂದೇ ಜಿಎಸ್‌ಟಿ ಬಂತು. ಆದರೆ ಪೆಟ್ರೋಲ್, ಡೀಸೆಲ್, ಕಚ್ಚಾ ತೈಲ, ನೈಸರ್ಗಿಕ ಅನಿಲ, ವಿಮಾನದ ಇಂಧನ ಈ ಐದನ್ನೂ ಜಿಎಸ್‌ಟಿ ಮಂಡಳಿ ದಿನಾಂಕ ಶಿಫಾರಸು ಮಾಡುವವರೆಗೆ ಹೊರಗೇ ಇಟ್ಟರು. ಕರ್ನಾಟಕದಲ್ಲಿ ಪೆಟ್ರೋಲಿಗೆ ಇಂದಿಗೂ ತೆರಿಗೆ ಬೀಳುವುದು 1957ರ ಮಾರಾಟ ತೆರಿಗೆ ಕಾಯ್ದೆಯ ಕೆಳಗೆ. ಎಲ್ಲರೂ ರೂಢಿಯಲ್ಲಿ ವ್ಯಾಟ್ ಎನ್ನುತ್ತಾರೆ, ಅಷ್ಟೆ.

ಹಳೆಯ ಕಾಯ್ದೆಯಿಂದ ನಮಗೊಂದು ಸಣ್ಣ ಅನುಕೂಲವೂ ಇದೆ. ತೈಲ ಕಂಪನಿ ಬಂಕಿಗೆ ಮಾರುವ ಹಂತದಲ್ಲೇ ತೆರಿಗೆ ಮುಗಿಯುವುದರಿಂದ ಡೀಲರ್ ಕಮಿಷನ್ ಮೇಲೆ ತೆರಿಗೆ ಬೀಳುವುದಿಲ್ಲ. ದೆಹಲಿಯಲ್ಲಿ ಬೀಳುತ್ತದೆ. ಇಲ್ಲೂ ಬೀಳುವಂತಿದ್ದರೆ ಜೂನ್ 15ರ ಏರಿಕೆ 3 ರೂಪಾಯಿ ಅಲ್ಲ, 3.11 ಆಗಬೇಕಿತ್ತು.

ಇನ್ನು ಕೇಂದ್ರದ 19.90ರ ಒಳಗೆ ಇಣುಕೋಣ. ಅಬಕಾರಿ ಸುಂಕ ಎಂದು ಒಂದೇ ಮಾತಿನಲ್ಲಿ ಹೇಳಿದರೂ ಅದರಲ್ಲಿ ನಾಲ್ಕು ತುಂಡುಗಳಿವೆ. ಮೂಲ ಅಬಕಾರಿ ಸುಂಕ 1.40 ರೂಪಾಯಿ, ವಿಶೇಷ ಹೆಚ್ಚುವರಿ ಸುಂಕ 11, ರಸ್ತೆ ಮತ್ತು ಮೂಲಸೌಕರ್ಯ ಸೆಸ್ 5, ಕೃಷಿ ಮೂಲಸೌಕರ್ಯ ಸೆಸ್ 2.50. ಇವುಗಳಲ್ಲಿ ಕೇಂದ್ರವು ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದದ್ದು ಮೊದಲನೆಯದು ಮಾತ್ರ, ಮಿಕ್ಕ 18.50 ಪೂರ್ತಿ ಕೇಂದ್ರದ ಬೊಕ್ಕಸಕ್ಕೆ. 15ನೇ ಹಣಕಾಸು ಆಯೋಗದ ಪ್ರಕಾರ ಹಂಚಿಕೆಯ ಹಣದಲ್ಲಿ ಎಲ್ಲ ರಾಜ್ಯಗಳಿಗೆ ಶೇ 41, ಅದರಲ್ಲಿ ಕರ್ನಾಟಕದ ಪಾಲು ಶೇ 3.647. ಒಂದು ರೂಪಾಯಿ ನಲವತ್ತು ಪೈಸೆಯಲ್ಲಿ ಎಲ್ಲ ರಾಜ್ಯಗಳಿಗೂ ಸೇರಿ 57 ಪೈಸೆ, ನಮಗೆ ಬರುವುದು ಎರಡು ಪೈಸೆ. ಕೇಂದ್ರ ಸಂಗ್ರಹಿಸುವುದನ್ನು ರಾಜ್ಯಗಳಿಗೇ ಹಂಚುತ್ತದೆ ಎಂಬ ಮಾತು ಆದಾಯ ತೆರಿಗೆಯ ವಿಷಯದಲ್ಲಿ ನಿಜವಿರಬಹುದು, ಪೆಟ್ರೋಲ್ ವಿಷಯದಲ್ಲಿ ಅದು ಎರಡು ಪೈಸೆಯಷ್ಟು ಮಾತ್ರ ನಿಜ. ಹಂಚಬೇಕಾದದ್ದನ್ನು ಕಿರಿದಾಗಿಸಿ ಸೆಸ್‌ಗಳನ್ನು ಹಿಗ್ಗಿಸುತ್ತಾ ಬಂದ ಈ ಕ್ರಮ ನನಗೆ ನ್ಯಾಯವಾಗಿ ಕಾಣುವುದಿಲ್ಲ. ರಾಜ್ಯಗಳು ತಮ್ಮ ಶೇಕಡಾ ತೆರಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂರುವುದಕ್ಕೆ ಇದೂ ಒಂದು ಕಾರಣ.

ಮೂಲ ಬೆಲೆಯ ಕಥೆ ಇನ್ನೂ ಸ್ವಾರಸ್ಯದ್ದು. 2024ರ ಜೂನ್‌ನಲ್ಲಿ ಭಾರತ ಕೊಳ್ಳುತ್ತಿದ್ದ ಕಚ್ಚಾ ತೈಲದ ಸರಾಸರಿ ಬೆಲೆ ಬ್ಯಾರೆಲ್‌ಗೆ 82 ಡಾಲರ್ ಆಸುಪಾಸಿನಲ್ಲಿತ್ತು, ಡಾಲರ್ ಒಂದಕ್ಕೆ ಎಂಬತ್ಮೂರೂವರೆ ರೂಪಾಯಿ. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಲೀಟರ್ ಕಚ್ಚಾ ತೈಲಕ್ಕೆ ಸುಮಾರು 43 ರೂಪಾಯಿ ಬಿತ್ತು. 56.40ಕ್ಕೂ ಇದಕ್ಕೂ ನಡುವಿನ ಹದಿಮೂರು ರೂಪಾಯಿಯಲ್ಲಿ ಹಡಗಿನ ಬಾಡಿಗೆ, ವಿಮೆ, ಸಂಸ್ಕರಣೆ, ಒಳನಾಡಿನ ಸಾಗಣೆ, ಕಂಪನಿಯ ಲಾಭ ಎಲ್ಲವೂ ಸೇರಿವೆ. ಒಳನಾಡಿನ ಸಾಗಣೆ ನಾವು ಅಂದುಕೊಂಡಷ್ಟು ದುಬಾರಿಯಲ್ಲ. ಮಂಗಳೂರಿನ ಸಂಸ್ಕರಣಾಗಾರದಿಂದ ಪೆಟ್ರೋಲ್ ಹಾಸನದ ಮೂಲಕ 362 ಕಿಲೋಮೀಟರ್ ಕೊಳವೆಯಲ್ಲಿ ಹರಿದು ಹೊಸಕೋಟೆ ಕಡೆಯ ದೇವನಗೊಂದಿಗೆ ಬರುತ್ತದೆ. ಅಲ್ಲಿಂದ ಬಂಕಿಗೆ ಟ್ಯಾಂಕರ್.

ಆದರೆ ಈ ಮೂಲ ಬೆಲೆಯನ್ನು ಖರ್ಚು ಕೂಡಿಸಿ ಕಟ್ಟಿದ್ದಲ್ಲ. ಸಂಸ್ಕರಿಸಿದ ಪೆಟ್ರೋಲ್ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಯಾವ ದರಕ್ಕೆ ಮಾರಾಟವಾಗುತ್ತದೋ ಅದನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಕಚ್ಚಾ ತೈಲ ಇಳಿದ ದಿನವೇ ಪೆಟ್ರೋಲ್ ಇಳಿಯದಿರಲು ಇದು ಒಂದು ಕಾರಣ. ಎರಡನೆಯ ಕಾರಣ ದೊಡ್ಡದು. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯನ್ನು ಸರ್ಕಾರದ ಹಿಡಿತದಿಂದ ಬಿಟ್ಟರು, 2017ರ ಜೂನ್ 16ರಿಂದ ದಿನವೂ ಬೆಳಿಗ್ಗೆ 6 ಗಂಟೆಗೆ ದರ ಪರಿಷ್ಕರಣೆ ಎಂದರು. ನಿಯಮ ಹೀಗಿದ್ದರೂ 2022ರ ಏಪ್ರಿಲ್ 6ರ ನಂತರ 2024ರ ಮಾರ್ಚ್ 15ರವರೆಗೆ ಸರ್ಕಾರಿ ತೈಲ ಕಂಪನಿಗಳು ಹೆಚ್ಚುಕಡಿಮೆ ಎರಡು ವರ್ಷ ತಮ್ಮ ದರವನ್ನು ಅಲುಗಾಡಿಸಲಿಲ್ಲ. ನಡುವೆ ಇಳಿದದ್ದು 2022ರ ಮೇನಲ್ಲಿ ಕೇಂದ್ರ 8 ರೂಪಾಯಿ ಸುಂಕ ತಗ್ಗಿಸಿದಾಗ. ಮೊದಮೊದಲು ಕಂಪನಿಗಳು ನಷ್ಟ ತಿಂದವು, ಆಮೇಲೆ ಕಚ್ಚಾ ತೈಲ ಇಳಿದಾಗ ಅದೇ ದರದಲ್ಲಿ ಲಾಭ ಮಾಡಿದವು. 2023-24ರಲ್ಲಿ ಇಂಡಿಯನ್ ಆಯಿಲ್ ಒಂದರ ಲಾಭವೇ 39,619 ಕೋಟಿ ರೂಪಾಯಿ.

ಮೂಲ ಬೆಲೆ ಎಷ್ಟು ಹಿಗ್ಗಬಲ್ಲದು, ಕುಗ್ಗಬಲ್ಲದು ಎನ್ನುವುದಕ್ಕೆ ಎರಡು ದಿನಗಳನ್ನು ನೆನಪಿಟ್ಟರೆ ಸಾಕು. 2020ರ ಮೇ 6ರಂದು, ಲಾಕ್‌ಡೌನ್‌ನಲ್ಲಿ ಕಚ್ಚಾ ತೈಲ ಕುಸಿದಿದ್ದಾಗ, ಕೇಂದ್ರ ಪೆಟ್ರೋಲ್ ಸುಂಕವನ್ನು ಒಂದೇ ಏಟಿಗೆ 10 ರೂಪಾಯಿ ಏರಿಸಿ 32.98ಕ್ಕೆ ಒಯ್ದಿತು. 2025ರ ಏಪ್ರಿಲ್ 8ರಂದು ಮತ್ತೆ 2 ರೂಪಾಯಿ ಏರಿಸಿ 19.90ನ್ನು 21.90 ಮಾಡಿತು. ಎರಡೂ ಸಲ ಆ ಏರಿಕೆಯನ್ನು ಗ್ರಾಹಕರ ಮೇಲೆ ಹಾಕಲಿಲ್ಲ, ತೈಲ ಕಂಪನಿಗಳ ಕಡೆಯಿಂದ ಮುರಿದುಕೊಂಡರು. ಬೆಲೆ ಏರಲಿಲ್ಲವಾದ್ದರಿಂದ ಜನರಿಗೆ ಹೊರೆ ಆಗಲಿಲ್ಲ ಎಂದು ಹೇಳಲಾಯಿತು. ಆದರೆ ಇಳಿಯಬೇಕಾಗಿದ್ದ ಬೆಲೆ ಇಳಿಯಲಿಲ್ಲ, ಇಳಿಕೆಯ ಹಣ ಸುಂಕವಾಗಿ ಹೋಯಿತು. ಅದೂ ಹೊರೆಯೇ. ಬಂಕಿನ ಫಲಕ ನೋಡುವವರಿಗೆ ಕಾಣದ ಹೊರೆ.

ಉಳಿದದ್ದು ಬಂಕಿನವರ 3.77. ಜನರ ಸಿಟ್ಟು ಬೀಳುವುದು ಇವರ ಮೇಲೆಯೇ, ಬೆಲೆಯಲ್ಲಿ ಇವರ ಮಾತು ನಡೆಯುವುದು ಎಲ್ಲರಿಗಿಂತ ಕಡಿಮೆ. ದಿನಕ್ಕೆ 5,000 ಲೀಟರ್ ಮಾರುವ ಬಂಕ್ ಎಂದುಕೊಳ್ಳಿ. ಕಮಿಷನ್ 18,850 ರೂಪಾಯಿ. ಹುಡುಗರ ಸಂಬಳ, ಕರೆಂಟ್ ಬಿಲ್, ಆವಿಯಾಗಿ ಹೋಗುವ ಪೆಟ್ರೋಲ್, ಮುಂಗಡ ಹಣದ ಬಡ್ಡಿ ಎಲ್ಲ ಅದರಲ್ಲೇ. ಡೀಲರ್ ಪೆಟ್ರೋಲನ್ನು ತೆರಿಗೆ ಸಮೇತ ಕೊಂಡು ಟ್ಯಾಂಕಿಗೆ ಇಳಿಸಿಕೊಂಡಿರುತ್ತಾನೆ. 2021ರ ನವೆಂಬರ್‌ನಲ್ಲಿ ದೀಪಾವಳಿಗೆ ಕೇಂದ್ರ 5 ರೂಪಾಯಿ ಸುಂಕ ಇಳಿಸಿತು, ಕರ್ನಾಟಕವೂ ತನ್ನ ತೆರಿಗೆಯನ್ನು ಶೇ 35ರಿಂದ ಶೇ 25.92ಕ್ಕೆ ತಂದಿತು. ವಾಹನ ಸವಾರರಿಗೆ ಹಬ್ಬದ ಉಡುಗೊರೆ ಸಿಕ್ಕಿತು. ಹಿಂದಿನ ದಿನ 12,000 ಲೀಟರಿನ ಟ್ಯಾಂಕರ್ ಇಳಿಸಿಕೊಂಡ ಡೀಲರ್‌ಗೆ ಕೇಂದ್ರದ ಸುಂಕದ ಬಾಬತ್ತಿನಲ್ಲೇ 60,000 ರೂಪಾಯಿ ಖೋತಾ. ಏರುವಾಗ ಇದೇ ದಾಸ್ತಾನಿನ ಮೇಲೆ ಲಾಭವೂ ಬರುತ್ತದೆ, ನಿಜ. ಆದರೆ ಸುಂಕ ಇಳಿಸುವುದು ಒಂದೇ ಏಟಿಗೆ ಆಗುವುದರಿಂದ ಪೆಟ್ಟು ಜೋರು. ಕಮಿಷನ್ ಏರಿಕೆಗೆ ಡೀಲರ್‌ಗಳು ವರ್ಷಗಟ್ಟಲೆ ಕೇಳಿದ ಮೇಲೆ 2024ರ ಅಕ್ಟೋಬರ್ ಕೊನೆಯಲ್ಲಿ ಕೆಲವು ಪೈಸೆ ಹೆಚ್ಚಿತು.

ಗಡಿಯ ಬಂಕುಗಳಲ್ಲಿ ಈ ಲೆಕ್ಕ ಕಣ್ಣಿಗೇ ಕಾಣುತ್ತದೆ. ತಲಪಾಡಿಯಲ್ಲಿ ಕೇರಳ ನೋಂದಣಿಯ ಗಾಡಿಗಳು ನಮ್ಮ ಕಡೆ ಬಂದು ಟ್ಯಾಂಕ್ ತುಂಬಿಸಿಕೊಂಡು ಹಿಂದಿರುಗುತ್ತವೆ. ಅಲ್ಲಿ ಮಾರಾಟ ತೆರಿಗೆಯ ಮೇಲೆ ಹೆಚ್ಚುವರಿ ತೆರಿಗೆ, ಅದರ ಮೇಲೆ ಸೆಸ್. ಮೂಲ ಬೆಲೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಕೇಂದ್ರದ ಸುಂಕ ಎರಡೂ ಕಡೆ ಒಂದೇ. ಕೆಲವೇ ಕಿಲೋಮೀಟರ್‌ಗಳಲ್ಲಿ ಬದಲಾಗುವುದು ರಾಜ್ಯದ ಪಾಲು ಮಾತ್ರ.

ಇಷ್ಟೆಲ್ಲ ಲೆಕ್ಕ ಹಾಕಬೇಕಾಗಿ ಬಂದದ್ದು ಯಾಕೆಂದರೆ ಬಂಕಿನ ರಸೀದಿಯಲ್ಲಿ ದರ, ಲೀಟರ್, ಮೊತ್ತ ಇಷ್ಟೇ ಇರುತ್ತದೆ. ಒಂದು ಜೊತೆ ಚಪ್ಪಲಿ ಕೊಂಡರೂ ಕೇಂದ್ರಕ್ಕೆಷ್ಟು ರಾಜ್ಯಕ್ಕೆಷ್ಟು ಎಂದು ಬಿಲ್ಲಿನಲ್ಲಿ ಬರೆದಿರುತ್ತಾರೆ, ಮನೆಮಂದಿಯೆಲ್ಲ ಅತಿ ಹೆಚ್ಚು ತೆರಿಗೆ ಕಟ್ಟುವ ಸರಕಿನ ಬಿಲ್ಲಿನಲ್ಲಿ ತೆರಿಗೆಯ ಸುಳಿವೇ ಇಲ್ಲ. ತೈಲ ಕಂಪನಿಗಳು ದೆಹಲಿಯ ದರವನ್ನು ಬಿಡಿಸಿ ಪ್ರಕಟಿಸುತ್ತವೆ. ಅದೇ ನಾಲ್ಕು ಸಾಲನ್ನು ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಯ ರಸೀದಿಯ ಮೇಲೆ ಮುದ್ರಿಸಲು ಹೊಸ ಯಂತ್ರವೇನೂ ಬೇಡ. ರಾಜ್ಯ ಸರ್ಕಾರ ಮತ್ತು ತೈಲ ಕಂಪನಿಗಳು ಇದನ್ನು ಜಾರಿಗೆ ತರಬೇಕು. ಅಲ್ಲಿಯವರೆಗೆ ಬೆಲೆ ಏರಿತೆಂದೋ ಇಳಿಯಿತೆಂದೋ ಸುದ್ದಿ ಬಂದಾಗ ಓದುಗರು ಒಂದು ಪ್ರಶ್ನೆ ಕೇಳಬೇಕು: ನಾಲ್ಕರಲ್ಲಿ ಬದಲಾದದ್ದು ಯಾವುದು?